ಬೆವರು ಸುರಿಸಿ ಬರೆದರೂ 'inactivity' ಅಂತೆ!

ಅಕ್ಕನ ಮಗಳು ಆನ್‌ಲೈನ್ ಟೆಸ್ಟ್ ಬರೆಯುತ್ತಿದ್ದಳು. ಉದ್ದ ಉತ್ತರದ ಪ್ರಶ್ನೆ. ಅರ್ಧ ಗಂಟೆ ತಲೆ ಎತ್ತದೆ ಟೈಪ್ ಮಾಡಿ ಸೇವ್ ಒತ್ತಿದಳು, ಬಂದದ್ದು ಲಾಗಿನ್ ಪುಟ. ಮೇಲೆ ಕೆಂಪಕ್ಷರದಲ್ಲಿ "Session expired due to inactivity". "ಮಾಮಾ!" ಅಂತ ಕೂಗಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು.

ನನ್ನ ಕೆಲಸವೂ ಇಂಥ ವೆಬ್‌ಸೈಟ್ ಕಟ್ಟುವುದೇ, ಅದಕ್ಕೇ ಇಷ್ಟು ಉರಿ. ನೀವು ಟೈಪ್ ಮಾಡುವುದು ಬ್ರೌಸರ್‌ಗೆ ಮಾತ್ರ ಗೊತ್ತು. ಸೇವ್ ಒತ್ತಿದಾಗಲೋ ಪುಟ ಬದಲಿಸಿದಾಗಲೋ ಮಾತ್ರ ಸರ್ವರ್‌ಗೆ ಸುದ್ದಿ ಹೋಗುತ್ತದೆ. ಅಲ್ಲಿಯವರೆಗೆ ನೀವು ಬರೆದರೂ ಒಂದೇ, ಗೊರಕೆ ಹೊಡೆದರೂ ಒಂದೇ. ಒಂದು ಮಿತಿಯವರೆಗೆ ಕಾದು, ಸುದ್ದಿ ಬರದಿದ್ದರೆ ಸರ್ವರ್ ನಿಮ್ಮ ಲಾಗಿನ್ ಅವಧಿಯನ್ನು, ಅಂದರೆ ಸೆಷನ್ನನ್ನು, ಮುಗಿಸಿಬಿಡುತ್ತದೆ. ವೆಬ್‌ಸೈಟ್ ಕಟ್ಟುವ ಪಿಎಚ್‌ಪಿ ಭಾಷೆಯಲ್ಲಿ, ಸೈಟ್ ಕಟ್ಟಿದವರು ಬದಲಿಸದೆ ಬಿಟ್ಟರೆ, ಈ ಕಾಯುವ ಮಿತಿ 1440 ಸೆಕೆಂಡು, ಅಂದರೆ 24 ನಿಮಿಷ. ಟಾಮ್‌ಕ್ಯಾಟ್ ಅನ್ನುವ ಸರ್ವರ್ ತಂತ್ರಾಂಶದಲ್ಲಿ 30 ನಿಮಿಷ. ಪರೀಕ್ಷೆಯ ಗಡಿಯಾರವೇ ಬೇರೆ, ಲಾಗಿನ್ ಗಡಿಯಾರವೇ ಬೇರೆ. ಪರದೆ ಮೇಲೆ ಕಾಣುವುದು ಮೊದಲನೆಯದು ಮಾತ್ರ.

"ಸೆಕ್ಯುರಿಟಿ ಬೇಡ್ವಾ?" ಅಂತ ಒಬ್ಬರಾದರೂ ಕೇಳುತ್ತೀರಿ. ಬೇಕು ಸ್ವಾಮಿ. ಯಾರೋ ಲಾಗ್‌ಔಟ್ ಮಾಡದೆ ಎದ್ದು ಹೋದರೆ ಪೋರ್ಟಲ್ ತಾನೇ ಮುಚ್ಚಿಕೊಳ್ಳಲಿ. ಆದರೆ ಟೈಪ್ ಮಾಡುತ್ತಿರುವವರನ್ನು ಹೊರಗೆ ತಳ್ಳುವುದು ಯಾವ ಸೆಕ್ಯುರಿಟಿ? ನಿಮಿಷಕ್ಕೊಮ್ಮೆ ಉತ್ತರವನ್ನು ತಾನೇ ಸೇವ್ ಮಾಡುವ ವ್ಯವಸ್ಥೆ ಮೂಡಲ್ ಅನ್ನುವ ಆನ್‌ಲೈನ್ ಪಾಠ-ಪರೀಕ್ಷೆಯ ತಂತ್ರಾಂಶದಲ್ಲಿ ಯಾವತ್ತಿನಿಂದಲೋ ಇದೆ. ಸೆಷನ್ ಮುಗಿಯುವ ಮೊದಲು ಎಚ್ಚರಿಸಿ, ಮುಂದುವರಿಸಲು ಕನಿಷ್ಠ 20 ಸೆಕೆಂಡು ಕೊಡಿ ಅಂತ, ವೆಬ್‌ಸೈಟ್ ಎಲ್ಲರಿಗೂ ಬಳಸಲು ಬರುವಂತಿರಬೇಕು ಅನ್ನುವ ಡಬ್ಲ್ಯೂಸಿಎಜಿ ಮಾರ್ಗಸೂಚಿಯೂ ಹೇಳುತ್ತದೆ. ಓದುವವರು ಯಾರು?

ಪೋರ್ಟಲ್ ಕಟ್ಟುವವರು ಅದನ್ನು ಓದುವವರೆಗೆ ನಾವೇ ಜಾಣರಾಗಬೇಕು. ಅಣಕು ಪರೀಕ್ಷೆ ಕೊಟ್ಟಿದ್ದರೆ, ನಾಲ್ಕು ಸಾಲು ಟೈಪ್ ಮಾಡಿ ಎರಡು ನಿಮಿಷ ಸುಮ್ನೆ ಕೂತು ನೋಡಿ. 'Saved' ಅಂತ ತಾನಾಗಿ ಬರದಿದ್ದರೆ ಆ ಪೋರ್ಟಲನ್ನು ನಂಬಬೇಡಿ, ಪ್ಯಾರಾಗೊಮ್ಮೆ ನೀವೇ ಸೇವ್ ಒತ್ತಿ. ಅದೇ ಲಾಗಿನ್ ಮೊಬೈಲ್‌ನಲ್ಲೂ ತೆರೆಯಬೇಡಿ. ಎರಡನೆಯದು ಒಳಗೆ ಬಂದ ಕೂಡಲೇ ಮೊದಲನೆಯದನ್ನು ಹೊರಹಾಕುವ ಪೋರ್ಟಲ್‌ಗಳೂ ಇವೆ.

ಕೈ ಮೀರಿ ಹೋದ ಮೇಲೆ? ಇವಳು ಗಾಬರಿಯಲ್ಲಿ ಅದೇ ಪುಟದಲ್ಲಿ ಪಾಸ್‌ವರ್ಡ್ ಹಾಕಲು ಹೊರಟಿದ್ದಳು. ತಡೆದೆ. ಮೊದಲು ಗಂಟೆ ಕಾಣುವ ಹಾಗೆ ಒಂದು ಸ್ಕ್ರೀನ್‌ಶಾಟ್. ಆಮೇಲೆ ಬ್ಯಾಕ್ ಬಟನ್. ಪರೀಕ್ಷೆಯಲ್ಲಿ ಬ್ಯಾಕ್ ಒತ್ತಬೇಡಿ ಅಂತಾರೆ, ನಿಜ, ಆದರೆ ಸೆಷನ್ನೇ ಸತ್ತ ಮೇಲೆ ಇನ್ನೇನು ಹೋಗುವುದಿದೆ? ಎಷ್ಟೋ ಸಲ ಬ್ರೌಸರ್ ಬರೆದದ್ದನ್ನು ಹಾಗೇ ಇಟ್ಟುಕೊಂಡಿರುತ್ತದೆ, ರಿಫ್ರೆಶ್ ಒತ್ತಿದರೆ ಮಾತ್ರ ಅದೂ ಹೋಗಬಹುದು. ನಮ್ಮ ಪುಣ್ಯಕ್ಕೆ ಉತ್ತರ ಅಲ್ಲೇ ಇತ್ತು. ಪೂರ್ತಿ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ, ಹೊಸ ಟ್ಯಾಬ್‌ನಲ್ಲಿ ಲಾಗಿನ್ ಆಗಿ, ಅದೇ ಪ್ರಶ್ನೆಗೆ ಹೋಗಿ ಪೇಸ್ಟ್ ಮಾಡಿದಳು. ಹಳೇ ಟ್ಯಾಬ್‌ನಿಂದಲೇ ಮತ್ತೆ ಸೇವ್ ಒತ್ತಿದರೆ ಸಾಮಾನ್ಯವಾಗಿ ಆಗಲ್ಲ. ಆ ಪುಟದೊಳಗೆ ಹಳೇ ಸೆಷನ್ನಿನ ಗುಟ್ಟಿನ ಟೋಕನ್ ಇರುತ್ತದೆ, ಹೊಸ ಲಾಗಿನ್ನಿಗೂ ಅದಕ್ಕೂ ತಾಳೆಯಾಗದೆ ಪುಟ ತಿರಸ್ಕಾರವಾಗುತ್ತದೆ.

ಬ್ಯಾಕ್ ಒತ್ತಿದಾಗ ಪೆಟ್ಟಿಗೆ ಖಾಲಿ ಇದ್ದರೆ ಹುಡುಕುತ್ತಾ ಕೂರಬೇಡಿ, ಪರೀಕ್ಷೆಯ ಗಡಿಯಾರ ನಿಂತಿರುವುದಿಲ್ಲ. ಮುಗಿದ ಕೂಡಲೇ ಮೇಷ್ಟ್ರಿಗೆ ಮೇಲ್ ಹಾಕಿ. "ಸರ್, ಸೈಟ್ ಸರಿ ಇರ್ಲಿಲ್ಲ" ಅಂತ ಅಲ್ಲ. ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ, ಎಷ್ಟನೇ ಪ್ರಶ್ನೆಯಲ್ಲಿ, ಪರದೆ ಮೇಲೆ ಯಾವ ಸಾಲು ಬಂತು ಅಂತ ಬರೆದು, ಸ್ಕ್ರೀನ್‌ಶಾಟ್ ಲಗತ್ತಿಸಿ. ಸರ್ವರ್ ಬರೆದಿಡುವ ದಾಖಲೆಯಲ್ಲಿ ಅವರು ಹುಡುಕುವುದು ಸಮಯ ಹಿಡಿದೇ.