ಕರಡಿಯ ಅಂಗಿಯ ಮೇಲೆ ನಾಲ್ಕು ಅಕ್ಷರ

ಗೆಳೆಯನೊಬ್ಬ ಮಹಾ ನಿದ್ದೆಬಡುಕ. ಅವನ ಹುಟ್ಟುಹಬ್ಬಕ್ಕೆ ಟೀ ಶರ್ಟ್ ತೊಟ್ಟ ಕರಡಿಯ ಚಿತ್ರ ಮಾಡಿಸಲು ಹೊರಟೆ. ಎದೆಯ ಮೇಲೆ 'ನಿದ್ದೆಯೇ ನನ್ನ ಕಸುಬು' ಅಂತ ಇರಬೇಕು. ಎಐ ಕೊಟ್ಟ ಕರಡಿ ಸೊಗಸಾಗಿತ್ತು, ಒಂದೊಂದು ಕೂದಲೂ ಜೀವಂತ. ಬರಹ ಮಾತ್ರ ದೂರದಿಂದ ಕನ್ನಡ, ಹತ್ತಿರ ಹೋದರೆ ಯಾವ ಭಾಷೆಯೂ ಅಲ್ಲ.

ಕರಡಿ ಬರುತ್ತೆ, 'ದ್ದೆ' ಬರಲ್ಲ ಅಂದ್ರೆ ಹೇಗೆ? ಇಂಥ ಎಷ್ಟೋ ಎಐ ಮಾದರಿಗಳು ಚಿತ್ರವನ್ನು ಮೊದಲು ಕುಗ್ಗಿಸಿಕೊಂಡು ಕೆಲಸ ಮಾಡುತ್ತವೆ. 512 ಪಿಕ್ಸೆಲ್ ಅಗಲದ ಚಿತ್ರ ಒಳಗೆ ಬರೀ 64 ಮನೆಗಳ ಸಾಲು. ಎಂಟು ಪಿಕ್ಸೆಲ್‌ಗೆ ಒಂದು ಮನೆ. ನನ್ನ ಅಕ್ಷರದ ಎತ್ತರ ಸುಮಾರು 24 ಪಿಕ್ಸೆಲ್, ಅಂದರೆ ಮೂರೇ ಮನೆ. ದಕಾರ, ಎತ್ವ, ಕೆಳಗಿನ ಒತ್ತು ಎಲ್ಲ ಅಷ್ಟರಲ್ಲೇ ಸಂಸಾರ ಮಾಡಬೇಕು. ಕರಡಿಯ ಕೂದಲು ಒಂದು ಮನೆ ಆಚೀಚೆ ಆದರೆ ಯಾರು ಕೇಳ್ತಾರೆ? ಒತ್ತು ಆಚೀಚೆ ಆದರೆ ಪದವೇ ಹೋಯ್ತು. ಸಾಲದ್ದಕ್ಕೆ, ನಾವು ಬರೆದದ್ದು ಅದಕ್ಕೆ ಕಾಗುಣಿತವಾಗಿ ಕಾಣುವುದಿಲ್ಲ, ಪದದ ತುಂಡುಗಳ ಸಂಖ್ಯೆಯಾಗಿ ಕಾಣುತ್ತದೆ. ಹೊಸ ಮಾದರಿಗಳು ಇಂಗ್ಲಿಷ್‌ನಲ್ಲಿ ಸಾಲುಸಾಲೇ ಸರಿಯಾಗಿ ಬರೆಯುತ್ತವೆ, ನಿಜ. ಕನ್ನಡದ ಒತ್ತಕ್ಷರ ಬಂದಾಗ ಹಲವು ಮತ್ತೆ ಎಡವುತ್ತವೆ.

ಹತ್ತು ಸಲ ಕೇಳಿ ಹತ್ತು ಹೊಸ ಲಿಪಿ ನೋಡಿದ ಮೇಲೆ ಬುದ್ಧಿ ಬಂತು. ಬರಹವೇ ಇಲ್ಲದ ಬಿಳಿ ಅಂಗಿ ಕೇಳಿದೆ. ಅದನ್ನು ಚಿತ್ರ ತಿದ್ದುವ ತಂತ್ರಾಂಶವಾದ GIMP‌ನಲ್ಲಿ ತೆರೆದು, ಯೂನಿಕೋಡ್ ಫಾಂಟಿನಲ್ಲಿ ಸಾಲನ್ನು ಟೈಪ್ ಮಾಡಿದೆ. ಅಕ್ಷರ ಸರಿ, ಆದರೆ ಅಂಗಿಗೆ ಚೀಟಿ ಅಂಟಿಸಿದ ಹಾಗಿತ್ತು. ಅಂಗಿಯಲ್ಲಿ ಮಡಿಕೆ ಇದೆ, ಬರಹದಲ್ಲಿ ಇಲ್ಲವಲ್ಲ!

ಅದಕ್ಕೆ ಎರಡು ಕೆಲಸ. ಮೊದಲನೆಯದು, ಬರಹ ಇರುವ ಪದರದ ಮೋಡ್ ಅನ್ನು Multiply ಮಾಡುವುದು. ಆಗ ಬಟ್ಟೆಯ ನೆರಳು ಬಣ್ಣದೊಳಗೂ ಇಳಿಯುತ್ತದೆ. (ಕಪ್ಪು ಅಂಗಿಯ ಮೇಲೆ ಬಿಳಿ ಅಕ್ಷರ ಹಾಕಿ ಇದನ್ನು ಮಾಡಿದರೆ ಅಕ್ಷರವೇ ಮಾಯ.) ಎರಡನೆಯದು, ಮಡಿಕೆಗೆ ತಕ್ಕಂತೆ ಅಕ್ಷರ ಸರಿಸುವ Displace ಫಿಲ್ಟರ್. ಅಂಗಿಯ ಚಿತ್ರದ ಒಂದು ಪ್ರತಿ ತೆಗೆದು, ಕಪ್ಪುಬಿಳುಪು ಮಾಡಿ, ಸ್ವಲ್ಪ ಮಸುಕಾಗಿಸಿ ನಕ್ಷೆಯಾಗಿ ಕೊಟ್ಟೆ. ನಡುವಿನ ಬೂದು ಬಣ್ಣ ಇದ್ದಲ್ಲಿ ಅಕ್ಷರ ಕದಲುವುದಿಲ್ಲ. ಅದಕ್ಕಿಂತ ಕಪ್ಪಿದ್ದರೆ ಒಂದು ಕಡೆಗೆ, ಬಿಳಿ ಇದ್ದರೆ ಇನ್ನೊಂದು ಕಡೆಗೆ ಸರಿಯುತ್ತದೆ. ಮಸುಕು ಮಾಡದಿದ್ದರೆ ನೂಲಿನ ಎಳೆಗಳೂ ಲೆಕ್ಕಕ್ಕೆ ಬಂದು ಅಂಚೆಲ್ಲ ಗರಗಸ. ಸರಿಸುವ ದೂರ ಇಪ್ಪತ್ತು ಪಿಕ್ಸೆಲ್ ಕೊಟ್ಟಾಗ 'ದ್ದೆ'ಯ ಒತ್ತು ಮಡಿಕೆಯೊಳಗೆ ಜಾರಿ, ಮತ್ತೆ ಎಐ ಬರೆದ ಹಾಗೇ ಕಂಡಿತು! ಐದಕ್ಕೆ ಇಳಿಸಿದೆ, ಸರಿಹೋಯಿತು.

ಹೆಮ್ಮೆಯಿಂದ ಕಳಿಸಿದೆ. ಗೆಳೆಯ ಅರ್ಧ ನಿದ್ದೆಯಲ್ಲೇ ಉತ್ತರ ಹಾಕಿದ: "ಚೆನ್ನಾಗಿದೆ ಕಣೋ, ಆದ್ರೆ 'ಕಸುಬು' ಅಲ್ವಾ? ನೀನು 'ಕಸಬು' ಅಂತ ಬರ್ದಿದ್ದೀಯ."

ಪುಣ್ಯಕ್ಕೆ, ತಿರುಚುವ ಮೊದಲಿನ ಪದರದ ಒಂದು ಪ್ರತಿಯನ್ನು ಅಡಗಿಸಿ ಇಟ್ಟಿದ್ದೆ.