ಮೂವತ್ತು ನಾಮ, ಐದು ನಾಮ, ಹಪ್ಪಳಕ್ಕೆ ಪಂಗನಾಮ

ಒಂದು ಪೋಸ್ಟಿಗೆ ಐದಕ್ಕಿಂತ ಹೆಚ್ಚು ಹ್ಯಾಶ್‌ಟ್ಯಾಗ್ ಹಾಕುವಂತಿಲ್ಲ ಎಂದು ಇನ್‌ಸ್ಟಾಗ್ರಾಮ್ 2025ರ ಡಿಸೆಂಬರಿನಲ್ಲಿ ಅಪ್ಪಣೆ ಕೊಡಿಸಿದಂದಿನಿಂದ ನಮ್ಮ ಸೋದರತ್ತೆಯ ಮನೆಯಲ್ಲಿ ಸೂತಕದ ಕಳೆ. ಶಿರಸಿಯ ಸಮೀಪದ ಊರಿನಲ್ಲಿ ಕುಳಿತು ಹಲಸಿನ ಹಪ್ಪಳ ಮಾರುವ ಅತ್ತೆ ಈವರೆಗೆ ಪ್ರತಿ ಫೋಟೊದ ಜೊತೆಗೂ ಮೂವತ್ತು ಟ್ಯಾಗುಗಳನ್ನು ತಪ್ಪದೆ ಅರ್ಪಿಸುತ್ತ ಬಂದವರು. ಮೂವತ್ತು ಎಂಬುದು ಹಳೆಯ ಮಿತಿ. ಅಷ್ಟು ಹಾಕಬಹುದು ಎಂಬುದನ್ನು ಅಷ್ಟನ್ನೂ ಹಾಕಲೇಬೇಕು ಎಂದು ಅರ್ಥ ಮಾಡಿಕೊಂಡವರಲ್ಲಿ ಅತ್ತೆ ಮೊದಲಿಗರೂ ಅಲ್ಲ, ಕೊನೆಯವರೂ ಅಲ್ಲ.

ಆ ಮೂವತ್ತರ ಪಟ್ಟಿಯನ್ನು ಅವರಿಗೆ ಕೊಟ್ಟವರು ಒಬ್ಬ ಆನ್‌ಲೈನ್ ಗುರುಗಳು. ಹತ್ತು ವಿಶಾಲ, ಹತ್ತು ಮಧ್ಯಮ, ಹತ್ತು ಸೂಕ್ಷ್ಮ ಎಂದು ಕಷಾಯದ ಪುಡಿಯಂತೆ ಪ್ರಮಾಣ ಹೇಳುವ ಅವರ ಶಾಸ್ತ್ರಜ್ಞಾನಕ್ಕೆ ತಲೆಬಾಗಲೇಬೇಕು. ಪಟ್ಟಿಯ ತಲೆಯಲ್ಲಿ #love ಇತ್ತು. ಇನ್ನೂರು ಕೋಟಿಗೂ ಮಿಕ್ಕಿದ ಪೋಸ್ಟುಗಳಿರುವ ಟ್ಯಾಗ್ ಅದು. ಮದುವೆಯ ಫೋಟೊ, ನಾಯಿಮರಿ, ಮಾಲ್ದೀವ್ಸಿನ ಕಡಲತೀರ, ಹಚ್ಚೆ ಹಾಕಿಸಿಕೊಂಡ ತೋಳು, ಇವೆಲ್ಲವುಗಳ ನಡುವೆ ಚಾಪೆಯ ಮೇಲೆ ಒಣಗುತ್ತಿರುವ ಅತ್ತೆಯ ಹಪ್ಪಳ. ಯಾರಾದರೂ ಪ್ರೀತಿಯನ್ನು ಹುಡುಕಿಕೊಂಡು ಬಂದು ಹಪ್ಪಳ ಕೊಂಡು ಹೋದಾರು ಎಂಬ ಆಸೆಯನ್ನು ನಾನು ಅಲ್ಲಗಳೆಯುವುದಿಲ್ಲ. ದಾಂಪತ್ಯದಲ್ಲಿ ಅಂಥದ್ದು ನಡೆಯುವುದುಂಟು.

ಅದಕ್ಕಿಂತ ನನಗೆ ಹೆಚ್ಚು ಹಿಡಿಸಿದ್ದು #fyp. ‘ಫಾರ್ ಯೂ ಪೇಜ್’ ಎಂಬ ಪುಟ ಇರುವುದು ಟಿಕ್‌ಟಾಕ್‌ನಲ್ಲಿ. ಆ ಟಿಕ್‌ಟಾಕ್ ಭಾರತದಲ್ಲಿ 2020ರ ಜೂನಿನಲ್ಲೇ ನಿಷೇಧವಾಗಿದೆ. ಅಂದರೆ ಶಿರಸಿಯ ಹಪ್ಪಳವೊಂದು, ನಮ್ಮ ದೇಶದಲ್ಲಿ ಬಾಗಿಲು ಮುಚ್ಚಿಕೊಂಡು ಹೋದ ಬೇರೊಂದು ಅಂಗಡಿಯ ಕಿಟಕಿಯಲ್ಲಿ ತನ್ನನ್ನು ಇಡಿ ಎಂದು ಈ ಅಂಗಡಿಯವನಿಗೆ ಇಷ್ಟು ವರ್ಷ ಅರ್ಜಿ ಹಾಕುತ್ತಿತ್ತು.

ಈ ಟ್ಯಾಗುಗಳ ರಾಶಿಯನ್ನು ನೋಡಿದಾಗಲೆಲ್ಲ ನಮ್ಮ ಊರಿನ ಸರ್ಕಲ್ಲಿನ ಫ್ಲೆಕ್ಸ್ ನೆನಪಾಗುತ್ತದೆ. ನಾಯಕರೊಬ್ಬರ ಹುಟ್ಟುಹಬ್ಬಕ್ಕೆ ಶುಭಾಶಯ ಎಂದು ಮೇಲೆ ದಪ್ಪಕ್ಷರದಲ್ಲಿ ಇರುತ್ತದೆ. ಕೆಳಗೆ ಅಂಚೆಚೀಟಿಯ ಗಾತ್ರದ ಮೂವತ್ತು ಮುಖಗಳು. ಅವರಲ್ಲಿ ಒಬ್ಬಿಬ್ಬರು ಸಂಘದ ಪದಾಧಿಕಾರಿಗಳು, ಮೂವರು ಹಣ ಕೊಟ್ಟವರು, ಉಳಿದವರು ಹಾಕದಿದ್ದರೆ ಬೇಸರ ಮಾಡಿಕೊಳ್ಳುವವರು. ದಾರಿಹೋಕರು ಯಾರೂ ಆ ಮುಖಗಳನ್ನು ಗುರುತಿಸುವುದಿಲ್ಲ, ಆದರೆ ಒಂದನ್ನು ತೆಗೆದರೂ ಜಗಳ ಗ್ಯಾರಂಟಿ. ಒಮ್ಮೆ ಹೀಗೆ ಮುಖಗಳು ಹೆಚ್ಚಾಗಿ, ಹುಟ್ಟುಹಬ್ಬದ ನಾಯಕರ ಹೆಸರೇ ವಿದ್ಯುತ್ ಕಂಬದ ಹಿಂದೆ ಸರಿದುಹೋಗಿತ್ತು. ಅತ್ತೆಯ ಪೋಸ್ಟಿನಲ್ಲಿ ಆಗಿದ್ದೂ ಅದೇ.

ಕಳೆದ ಮೇ ತಿಂಗಳ ಒಂದು ಪೋಸ್ಟನ್ನೇ ತೆಗೆದುಕೊಳ್ಳಿ. ಗುರುಗಳ ಪಟ್ಟಿ ಮೊದಲಿಗೇ ಅಂಟಿಕೊಂಡಿದೆ. ಇನ್‌ಸ್ಟಾಗ್ರಾಮಿನಲ್ಲಿ ಫೋಟೊದ ಕೆಳಗಿನ ಬರಹದ ಒಂದೆರಡು ಸಾಲು ಮಾತ್ರ ಮೊದಲು ಕಾಣುತ್ತದೆ. ಉಳಿದದ್ದನ್ನು ಓದಬೇಕಾದರೆ ಬೆರಳಿನಿಂದ ಒತ್ತಿ ಬಿಡಿಸಿಕೊಳ್ಳಬೇಕು. ಹಾಗಾಗಿ ಗಿರಾಕಿಗೆ ಕಂಡದ್ದು #love #instagood #fyp. ಬಿಡಿಸಿಕೊಂಡವರಿಗೆ ಸಿಕ್ಕಿದ್ದು ‘ಶುಭ ಸೋಮವಾರ’ ಎಂಬ ಹಾರೈಕೆ ಮತ್ತು ಎರಡು ಹೂವು. ಇಡೀ ಬರಹದಲ್ಲಿ ಹಲಸು ಎಂಬ ಪದವಿಲ್ಲ, ಹಪ್ಪಳ ಎಂಬ ಪದವಿಲ್ಲ, ಕಟ್ಟಿನಲ್ಲಿ ಎಷ್ಟು ಹಪ್ಪಳ, ಬೆಂಗಳೂರಿಗೆ ಕೊರಿಯರ್ ಉಂಟೋ ಇಲ್ಲವೋ ಎಂಬುದೂ ಇಲ್ಲ.

“ಇದರಲ್ಲಿ ಹಪ್ಪಳ ಎಲ್ಲಿದೆ ಅತ್ತೆ?” ಎಂದು ಕೇಳಿದೆ.

“ಫೋಟೊದಲ್ಲಿ ಕಾಣ್ತಲ ತಮಾ, ಮತ್ತೆ ಬೇರೆ ಎಂತಕ್ಕೆ ಬರೆಯವು?” ಎಂದರು.

ಅವರ ಮಾತಿನಲ್ಲಿ ನ್ಯಾಯವಿದೆ, ಹುಡುಕುವ ಪೆಟ್ಟಿಗೆಯಲ್ಲಿ ಮಾತ್ರ ಇಲ್ಲ. ಪೋಸ್ಟು ಹುಡುಕಾಟಕ್ಕೆ ಸಿಗಬೇಕಾದರೆ ಪದಗಳನ್ನೂ ಟ್ಯಾಗುಗಳನ್ನೂ ಫೋಟೊದ ಬರಹದಲ್ಲೇ ಇಡಿ, ಕಾಮೆಂಟಿನಲ್ಲಿ ಬೇಡ ಎಂದು ಇನ್‌ಸ್ಟಾಗ್ರಾಮ್ 2021ರಲ್ಲೇ ಸ್ಪಷ್ಟವಾಗಿ ಬರೆದು ತಿಳಿಸಿತ್ತು. ಗುರುಗಳಿಗೆ ಅದು ತಿಳಿಯಲಿಲ್ಲವೋ, ತಿಳಿದರೆ ಕೋರ್ಸಿನ ಮೂರನೆಯ ಪಾಠ ಬಿದ್ದುಹೋಗುತ್ತದೆಂದು ತಿಳಿಯದಂತೆ ಇದ್ದರೋ! ಏಕೆಂದರೆ ಮೂರನೆಯ ಪಾಠದ ಹೆಸರೇ ‘ಮೊದಲ ಕಾಮೆಂಟಿನ ರಹಸ್ಯ’. ಪೋಸ್ಟು ಹಾಕಿದ ಒಂದು ನಿಮಿಷದೊಳಗೆ, ಒಂದರ ಕೆಳಗೊಂದು ಐದು ಚುಕ್ಕಿ ಇಟ್ಟು, ಟ್ಯಾಗುಗಳನ್ನು ಕಾಮೆಂಟಿನಲ್ಲಿ ಸುರಿಯಬೇಕಂತೆ. ಒಂದು ತಿಂಗಳು ಅತ್ತೆ ಒಲೆಯ ಮೇಲಿನ ಎಣ್ಣೆಯನ್ನೂ ಮರೆತು ಚುಕ್ಕಿ ಇಟ್ಟರು. ಅಂಗಳದಲ್ಲಿ ಅಷ್ಟು ಚುಕ್ಕಿ ಇಟ್ಟಿದ್ದರೆ ಒಂದು ರಂಗೋಲಿಯಾದರೂ ಆಗುತ್ತಿತ್ತು.

ಇಲ್ಲಿ ನನ್ನ ನಗು ನಿಂತುಹೋಗುತ್ತದೆ. ಹಲಸಿನ ಹಪ್ಪಳ ಮಾಡುವುದನ್ನು ನೋಡಿದವರಿಗೆ ಗೊತ್ತು: ಬಲಿತ ಕಾಯಿ ಕೊಯ್ದು, ಕೈಗೆ ಮೇಣ ಮೆತ್ತಿಸಿಕೊಂಡು ತೊಳೆ ಬಿಡಿಸಿ, ಬೇಯಿಸಿ, ಉಪ್ಪು ಖಾರ ಹಾಕಿ ರುಬ್ಬಿ, ಒಂದೊಂದನ್ನೇ ತಟ್ಟಿ, ಮಳೆ ಬರುವ ಮೊದಲು ಒಣಗಿಸಬೇಕು. ಆ ದುಡಿಮೆಯ ಹಣದಲ್ಲಿ ಒಂದು ಪಾಲನ್ನು ಈ ಮನುಷ್ಯ #love ಎಂದು ಬರೆದುಕೊಟ್ಟು ತೆಗೆದುಕೊಂಡ. ಹ್ಯಾಶ್‌ಟ್ಯಾಗಿನಿಂದ ಪೋಸ್ಟು ಹೆಚ್ಚು ಜನರಿಗೆ ತಲುಪುತ್ತದೆಂದು ನೆಚ್ಚಿಕೊಳ್ಳಬೇಡಿ ಎಂದು ಇನ್‌ಸ್ಟಾಗ್ರಾಮಿನ ಮುಖ್ಯಸ್ಥ ಆಡಮ್ ಮೊಸ್ಸೆರಿ ತಾವೇ ಹೇಳಿದ್ದಾರೆ. 2024ರ ಡಿಸೆಂಬರಿನಲ್ಲಿ ಟ್ಯಾಗನ್ನು ಫಾಲೋ ಮಾಡುವ ಸೌಲಭ್ಯವನ್ನೂ ಕಿತ್ತುಹಾಕಿದರು. ಟ್ಯಾಗು ಈಗ ಡಬ್ಬಿಯ ಮೇಲಿನ ಚೀಟಿ ಮಾತ್ರ. ‘ಪ್ರೀತಿ’ ಎಂದು ಚೀಟಿ ಅಂಟಿಸಿದ ಡಬ್ಬಿಯಲ್ಲಿ ಹಪ್ಪಳವಿದೆ ಎಂದು ಯಾರಿಗೆ ತಿಳಿಯಬೇಕು? ಇದೇ ಗುರುಗಳು ಈಗ ‘ಐದು ಟ್ಯಾಗಿನ ಮಹಾಮಂತ್ರ’ ಎಂಬ ಹೊಸ ಕೋರ್ಸು ತೆರೆದಿದ್ದಾರೆ. ಟ್ಯಾಗು ಆರನೆಯ ಒಂದು ಪಾಲಿಗೆ ಇಳಿದರೂ ಶುಲ್ಕ ಇಳಿದಿಲ್ಲ.

ಹಾಗಾಗಿ ಅತ್ತೆಯ ಜೊತೆ ನಾನೇ ಕುಳಿತೆ. ಒಂದೊಂದು ಟ್ಯಾಗನ್ನೂ ಹುಡುಕುವ ಪೆಟ್ಟಿಗೆಯಲ್ಲಿ ಬರೆದು, ಅದರ ಕೆಳಗೆ ಏನು ಬರುತ್ತದೆಂದು ಕಣ್ಣಾರೆ ನೋಡಿ ಆರಿಸುವುದೆಂದು ತೀರ್ಮಾನವಾಯಿತು. #halasinahappala ಮೊದಲ ಸ್ಥಾನ ಪಡೆಯಿತು. ಹಲಸು ಎಂಬ ಪದ ಗೊತ್ತಿಲ್ಲದವರಿಗೆ #jackfruitpapad. ಕನ್ನಡದಲ್ಲೂ ಒಂದಿರಲಿ ಎಂದು #ಹಲಸಿನಹಪ್ಪಳ. ಅತ್ತೆ ಮೊದಲು ನಡುವೆ ಜಾಗ ಬಿಟ್ಟು ಬರೆದಿದ್ದರಿಂದ ಟ್ಯಾಗು ‘ಹಲಸಿನ’ ಎಂಬಲ್ಲಿಗೇ ತುಂಡಾಗಿ, ಹಪ್ಪಳ ಹೊರಗೆ ನಿಂತಿತ್ತು. #sirsi ಬಗ್ಗೆ ಸ್ವಲ್ಪ ಚರ್ಚೆಯಾಯಿತು. ಉತ್ತರ ಪ್ರದೇಶದ ಸಂಭಲ್ ಜಿಲ್ಲೆಯಲ್ಲೂ ಒಂದು ಸಿರ್ಸಿ ಇದೆ, ಆ ಊರಿನವರೂ ಇದೇ ಟ್ಯಾಗಿಗೆ ಹಕ್ಕುದಾರರು. ಅದರ ಬದಲು #malnadfood ಸಾಕೆಂದಾಯಿತು. ವಿಶಾಲ ಬೇಕೆಂದರೆ ಅಷ್ಟು ವಿಶಾಲ ಸಾಕು, ಅಲ್ಲಿ ಬರುವವರು ಕನಿಷ್ಠ ಹಸಿದಿರುತ್ತಾರೆ. ತಮ್ಮದೇ ಹೆಸರಿನ ಟ್ಯಾಗೊಂದು ಬೇಕೆಂದು ಅತ್ತೆ ಕೇಳಿದರು. ಅದರಲ್ಲಿ ಅವರ ಹಪ್ಪಳ ಬಿಟ್ಟರೆ ಬೇರೇನೂ ಇರುವುದಿಲ್ಲ, ಆ ಹೆಸರು ಗೊತ್ತಿದ್ದವರು ಹೇಗಿದ್ದರೂ ಮನೆಗೇ ಫೋನು ಮಾಡುತ್ತಾರೆ ಎಂದು ಸಮಾಧಾನ ಹೇಳಿದೆ.

ಬರಹದ ಮೊದಲ ಸಾಲಿಗೆ ‘ಶಿರಸಿಯ ಹಲಸಿನ ಹಪ್ಪಳ, 25ರ ಕಟ್ಟು, ಬೆಂಗಳೂರಿಗೆ ಕೊರಿಯರ್ ಉಂಟು’ ಎಂದು ಬರೆಸಿ, ನಾಲ್ಕು ಟ್ಯಾಗನ್ನು ಕೊನೆಗೆ ಇಡಿಸಿದೆ. ಚುಕ್ಕಿಗಳಿಗೆ ನಿವೃತ್ತಿ. ಐದನೆಯ ಜಾಗ ಖಾಲಿ ಇರಲಿ, ತುಂಬಲೇಬೇಕೆಂಬ ಕಾನೂನಿಲ್ಲ ಎಂದು ಎರಡೆರಡು ಸಲ ಹೇಳಿ ಬಸ್ಸು ಹತ್ತಿದೆ.

ಯಲ್ಲಾಪುರ ದಾಟುವ ಹೊತ್ತಿಗೆ ಮೊಬೈಲ್ ತೆರೆದು ನೋಡಿದರೆ, ಐದನೆಯ ಜಾಗದಲ್ಲಿ #love ಕುಳಿತಿತ್ತು.