ಹದಿನೇಳು ಬಟನ್, ಕಾಲು ಕಿಲೋ ಚಟ್ನಿಪುಡಿ

ಶನಿವಾರ ಸಂಜೆ ದಾದರ್ ಸ್ಟೇಷನ್ನಿನಲ್ಲಿ ನಿಂತು ಕಾಲು ಕಿಲೋ ಶೇಂಗಾ ಚಟ್ನಿಪುಡಿ ತರಿಸಲು ಹೊರಟವಳು ಎರಡು ಕಲ್ಯಾಣ್ ಲೋಕಲ್ ಬಿಟ್ಟುಕೊಟ್ಟೆ. ಚಟ್ನಿಪುಡಿ ಸಿಗಲಿಲ್ಲ. ಸಿಟ್ಟು ಮಾತ್ರ ಡೊಂಬಿವಲಿಯವರೆಗೂ ಜೊತೆಗೇ ಬಂತು.

ಅತ್ತಿಗೆಯ ತಂಗಿ ಧಾರವಾಡದ ಅಡುಗೆಯ ವಿಡಿಯೊ ಮಾಡುವುದು, ಚಟ್ನಿಪುಡಿ ಮಾರುವುದು ನಿಮಗೆ ಗೊತ್ತೇ ಇದೆ. ಅವಳ ಎಣ್ಣೆಗಾಯಿಯನ್ನು ಇಲ್ಲಿ ಹಂಚಿ ಹಂಚಿ ನಿಮ್ಮ ತಲೆ ತಿಂದವಳು ನಾನೇ. ಪ್ರತಿ ವಿಡಿಯೊದ ಕೊನೆಗೆ ‘ಬೇಕಾದವರು ಬಯೋದಲ್ಲಿರುವ ಲಿಂಕ್ ಒತ್ತಿ’ ಎನ್ನುತ್ತಾಳೆ. ಇನ್‌ಸ್ಟಾಗ್ರಾಂನಲ್ಲಿ ಪೋಸ್ಟಿನ ಕೆಳಗೆ ಬರೆದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ, ಹಾಗಾಗಿ ಗಿರಾಕಿಗೆ ಇರುವುದು ಬಯೋದ ಬಾಗಿಲೊಂದೇ. ಒತ್ತಿದೆ.

ಅವಳ ಲಿಂಕುಗಳನ್ನೆಲ್ಲ ಸಾಲಾಗಿ ಜೋಡಿಸಿದ ಪುಟ ತೆರೆಯಿತು. ಹದಿನೇಳು ಬಟನ್! ಮೊದಲನೆಯದು ಯಾವುದು ಹೇಳಿ? ಇನ್‌ಸ್ಟಾಗ್ರಾಂ. ತಾಯಿ, ನಾನು ಬಂದದ್ದೇ ಅಲ್ಲಿಂದ! ಆಮೇಲೆ ಯೂಟ್ಯೂಬ್, ಫೇಸ್‌ಬುಕ್, ಅವಳು ಎರಡೇ ಹಾಡು ಹಾಕಿ ಬಿಟ್ಟ ಇನ್ನೊಂದು ಚಾನೆಲ್, ಹೋದ ದೀಪಾವಳಿಯ ಫರಾಳದ ಡಬ್ಬಿ, ಯಾವುದೋ ಚಾಕುವಿನ ಕಮಿಷನ್ ಲಿಂಕ್. ಹನ್ನೆರಡನೆಯದರ ಮೇಲೆ ‘ನನ್ನ ಅಡುಗೆಮನೆಯಿಂದ, ಪ್ರೀತಿಯಿಂದ’ ಎಂದಿತ್ತು. ಚಟ್ನಿಪುಡಿ ಎಂದರೆ ಅದೇ ಅಂತೆ. ಪ್ರೀತಿಯನ್ನು ಯಾರು ಕೇಳಿದರು? ಒತ್ತಿದರೆ ವಾಟ್ಸಾಪ್ ತೆರೆಯಿತು, ಈ ಸಂಖ್ಯೆ ಸರಿಯಿಲ್ಲ ಎಂದಿತು, ಮುಗಿಯಿತು.

ಭಾನುವಾರ ಅವಳ ಮನೆಗೇ ಹೋದೆ. ಮಾತಿಗೆ ಮೊದಲು ಮೊಬೈಲ್ ಮುಂದೆ ಹಿಡಿದಳು. ‘ಅಕ್ಕಾ, ಆ ಬಟನ್ ಈ ತಿಂಗಳು ಇನ್ನೂರಕ್ಕೂ ಹೆಚ್ಚು ಸಲ ಒತ್ತಿದ್ದಾರೆ, ಲೆಕ್ಕ ನೋಡಿ!’

‘ಅದರಲ್ಲಿ ಎಷ್ಟು ಜನ ಮೆಸೇಜ್ ಕಳಿಸಿದರು?’

ಸುಮ್ಮನಾದಳು. ಬಂದಿದ್ದ ಆರ್ಡರುಗಳೆಲ್ಲ ನಂಬರ್ ಮೊದಲೇ ಇದ್ದ ನಮ್ಮ ನೆಂಟರವು. ಆ ಪುಟ ಎಣಿಸುವುದು ಬೆರಳು ತಗುಲಿದ್ದನ್ನು. ಬೆರಳು ತಗುಲಿದ ಮೇಲೆ ಆಚೆ ಬದಿಯಲ್ಲಿ ಬಾಗಿಲು ತೆರೆಯಿತೋ ಇಲ್ಲವೋ ಅದಕ್ಕೆ ಕಾಣುವುದಿಲ್ಲ. ಒತ್ತಿದವರ ಲೆಕ್ಕ ಏರುತ್ತಿದ್ದು ಮೆಸೇಜ್ ಒಂದೂ ಬಾರದಿದ್ದರೆ ಲಿಂಕನ್ನು ಅನುಮಾನಿಸಬೇಕು. ಇವಳು ಜನರನ್ನು ಅನುಮಾನಿಸಿ, ದರ ಹೆಚ್ಚಾಯಿತೇನೋ ಎಂದು ಇಪ್ಪತ್ತು ರೂಪಾಯಿ ಇಳಿಸಿದ್ದಳು.

ತಪ್ಪು ಇದ್ದದ್ದು ಒಂದು ಸೊನ್ನೆಯಲ್ಲಿ. ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಕರೆ ಮಾಡುತ್ತಿದ್ದ ಕಾಲದ ರೂಢಿಯಂತೆ ನಂಬರಿನ ಮೊದಲಿಗೆ ಸೊನ್ನೆ ಹಾಕಿದ್ದಳು, ದೇಶದ ಸಂಖ್ಯೆ 91 ಹಾಕಿರಲಿಲ್ಲ. ವಾಟ್ಸಾಪ್ ಲಿಂಕಿಗೆ ಬೇಕಾದದ್ದು 91, ಅದಕ್ಕೆ ಅಂಟಿಕೊಂಡು ಹತ್ತು ಅಂಕಿ. ಕೂಡಿಸುವ ಚಿಹ್ನೆ, ಸೊನ್ನೆ, ನಡುವಿನ ಅಡ್ಡಗೆರೆ ಯಾವುದೂ ಬೇಡ.

```
https://wa.me/91XXXXXXXXXX?text=Shenga%20chatnipudi%20250g
```

ಪ್ರಶ್ನಾರ್ಥಕದ ನಂತರದ ಭಾಗ ಗಿರಾಕಿಯ ಪರವಾಗಿ ಮೆಸೇಜನ್ನು ಮೊದಲೇ ಬರೆದಿಡುತ್ತದೆ, ಅವರು ಕಳಿಸುವ ಗುರುತು ಒತ್ತಿದರೆ ಸಾಕು. `%20` ಎಂದರೆ ಪದಗಳ ನಡುವಿನ ಖಾಲಿ ಜಾಗ. ಯಾವ ಬಟನ್ನಿನಿಂದ ಬಂದವರು ಎಂಬುದು ಆ ಮೊದಲ ಸಾಲಿನಲ್ಲೇ ಇವಳಿಗೂ ತಿಳಿಯುತ್ತದೆ.

ಇದು ಗೊತ್ತಾಗಲು ಒಂದು ತಿಂಗಳೇಕೆ ಬೇಕಾಯಿತು? ಅವಳು ಒಮ್ಮೆಯೂ ಗಿರಾಕಿಯಾಗಿ ಆ ಪುಟಕ್ಕೆ ಹೋಗಿರಲಿಲ್ಲ. ಹಿನ್ನೆಲೆಯ ಬಣ್ಣ ಮಾತ್ರ ನಾಲ್ಕು ಸಲ ಬದಲಾಗಿತ್ತು. ಬೇರೆಯವರ ಫೋನ್ ತೆಗೆದುಕೊಂಡು, ಇನ್‌ಸ್ಟಾಗ್ರಾಂನೊಳಗಿಂದಲೇ, ಒಂದೊಂದನ್ನೂ ಒತ್ತಿ ಕೊನೆ ಮುಟ್ಟಬೇಕು. ಹತ್ತು ನಿಮಿಷದ ಕೆಲಸ.

ಬೇಡದ ಬಟನ್ನುಗಳನ್ನು ತೆಗೆ ಎಂದೆ. ‘ಆದರೆ ಅಕ್ಕಾ, ನಾನು ಎಲ್ಲೆಲ್ಲಿ ಇದ್ದೇನೆಂದು ಜಾಹೀರಾತು ಕೊಡುವವರು ನೋಡುತ್ತಾರಲ್ಲ?’ ಎಂದಳು. ನೋಡಲಿ. ಅವರಿಗೆ ಪುಟದ ಬುಡದಲ್ಲಿ ನಾಲ್ಕು ಪುಟ್ಟ ಗುರುತು ಸಾಕು, ಹುಡುಕುವುದೇ ಅವರ ಕೆಲಸ. ಲೋಕಲ್ ಹತ್ತುವ ಮೊದಲು ಚಟ್ನಿಪುಡಿ ಕೇಳುವವಳಿಗೆ ಆ ಪುರಸೊತ್ತಿಲ್ಲ. 2023ರಿಂದ ಇನ್‌ಸ್ಟಾಗ್ರಾಂ ತಾನೇ ಐದು ಲಿಂಕ್ ಹಾಕಲು ಬಿಟ್ಟಿದೆ, ಈ ಪುಟವೇ ಬೇಡ ಎನ್ನುವವರೂ ಇದ್ದಾರೆ. ಅಲ್ಲಿ ಮೇಲೆ ಕಾಣುವುದು ಮೊದಲನೆಯದು ಮಾತ್ರ, ಉಳಿದವು ಅದರ ಹಿಂದೆ ಅಡಗಿರುತ್ತವೆ. ದರಪಟ್ಟಿ ಎಲ್ಲಿ ಹಾಕುತ್ತೀರಿ?

ಇಷ್ಟೆಲ್ಲ ಬೋಧಿಸಿ ಮನೆಗೆ ಬಂದು ನನ್ನದೇ ಪುಟ ತೆರೆದೆ. ಅನುವಾದದ ಕೆಲಸ ಸಿಗಲೆಂದು ಮಾಡಿಕೊಂಡದ್ದು. ಒಂಬತ್ತು ಬಟನ್. ಮೊದಲನೆಯದು ‘ನನ್ನ ಪಯಣ’. ಮೂರನೆಯದು ಎಂದೋ ಮುಚ್ಚಿಹೋದ ಬ್ಲಾಗಿಗೆ ಹೋಗುತ್ತದೆ. ಇಮೇಲ್ ವಿಳಾಸ ಎಲ್ಲೂ ಇಲ್ಲ. ನಗಬೇಡಿ.

ಅವಳ ಪುಟದಲ್ಲಿ ಈಗ ಮೂರು ಬಟನ್ ಇವೆ: ‘ಶೇಂಗಾ ಚಟ್ನಿಪುಡಿ ಬೇಕು’, ‘ದರ ಮತ್ತು ಎಲ್ಲೆಲ್ಲಿಗೆ ಕಳಿಸುತ್ತೇನೆ’, ‘ಇತರ ವಿಚಾರಣೆಗೆ’. ಮನೆಯ ವಿಂಗ್, ಫ್ಲ್ಯಾಟ್ ನಂಬರ್ ಸಮೇತ ನಕ್ಷೆಯ ಲಿಂಕ್ ಇತ್ತು, ಅದನ್ನು ಬೈದು ತೆಗೆಸಿದೆ.

ಇಂದು ಬೆಳಿಗ್ಗೆ ಮತ್ತೆ ಒತ್ತಿದೆ. ವಾಟ್ಸಾಪ್ ತೆರೆಯಿತು, ಸಾಲು ತಾನೇ ಬಂತು, ಕಳಿಸಿದೆ. ಎರಡೇ ನಿಮಿಷದಲ್ಲಿ ಉತ್ತರ: ‘ಅಕ್ಕಾ, ಶೇಂಗಾದ್ದು ನಿನ್ನೆ ರಾತ್ರಿಯೇ ಖಾಲಿಯಾಯಿತು, ಅಗಸಿಯದು ಕೊಡಲೇ?’